ಹೊಳೆಯ ಈಚೆಗೊಂದು ಕಟ್‌ಆಫ್, ಆಚೆಗೊಂದು

ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯಲ್ಲಿ 2025ರಲ್ಲಿ ಸಾಮಾನ್ಯ ವರ್ಗದವರಿಗೆ ಅರ್ಹತೆಯ ಗೆರೆ 144 ಅಂಕ, ಹಿಂದುಳಿದ ವರ್ಗ ಮತ್ತು ಪರಿಶಿಷ್ಟರಿಗೆ 113. ಒಟ್ಟು ಅಂಕ 720. ಫಲಿತಾಂಶ ಬಂದ ದಿನವೇ ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಮಾತು ಶುರುವಾಗುತ್ತದೆ: ಅವರಿಗೆ 113ಕ್ಕೆ ಡಾಕ್ಟರ್ ಸೀಟು, ನಮಗೆ 144 ಬಂದರೂ ಇಲ್ಲ. ಈ ಮಾತಿನಲ್ಲಿ ಎರಡು ಬೇರೆ ಬೇರೆ ಗೆರೆಗಳು ಒಂದಕ್ಕೊಂದು ಸಿಕ್ಕಿಕೊಂಡಿವೆ. ಅವನ್ನು ಬಿಡಿಸಿಕೊಳ್ಳದೆ ಮೀಸಲಾತಿಯ ಪರವಾಗಿಯೋ ವಿರೋಧವಾಗಿಯೋ ಏನು ಹೇಳಿದರೂ ಅದು ಗಾಳಿಯಲ್ಲಿ ಕೋಲು ಬೀಸಿದಂತೆ.

ಮೊದಲನೆಯದು ಅರ್ಹತಾ ಗೆರೆ. ಇದನ್ನು ಯಾರೋ ಕುಳಿತು 144 ಎಂದು ಗೊತ್ತುಮಾಡುವುದಿಲ್ಲ. ಸಾಮಾನ್ಯ ವರ್ಗಕ್ಕೆ 50ನೆಯ ಪರ್ಸೆಂಟೈಲ್, ಹಿಂದುಳಿದವರಿಗೆ ಮತ್ತು ಪರಿಶಿಷ್ಟರಿಗೆ 40ನೆಯ ಪರ್ಸೆಂಟೈಲ್ ಎಂಬುದಷ್ಟೇ ನಿಯಮ. ಪರೀಕ್ಷೆ ಬರೆದ ಎಲ್ಲರನ್ನೂ ಅಂಕದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ಸಾಲಿನ ನಡುಮಧ್ಯದಲ್ಲಿ ನಿಂತವರ ಅಂಕ ಎಷ್ಟೋ ಅದೇ ಆ ವರ್ಷದ 50ನೆಯ ಪರ್ಸೆಂಟೈಲ್. ಪತ್ರಿಕೆ ಸುಲಭವಾದರೆ ಅದು ಏರುತ್ತದೆ, ಕಷ್ಟವಾದರೆ ಇಳಿಯುತ್ತದೆ. 2023ರಲ್ಲಿ 137 ಇದ್ದದ್ದು 2024ರಲ್ಲಿ 162ಕ್ಕೆ ಏರಿ, ಭೌತಶಾಸ್ತ್ರದ ಪ್ರಶ್ನೆಗಳು ಬೆವರಿಳಿಸಿದ 2025ರಲ್ಲಿ 144ಕ್ಕೆ ಬಂತು. ಆ ಎರಡು ವರ್ಷದಲ್ಲಿ ಮಕ್ಕಳ ಬುದ್ಧಿ ಏರಿ ಇಳಿದದ್ದೇನೂ ಅಲ್ಲ. 720ಕ್ಕೆ 144 ಎಂದರೆ ನೂರಕ್ಕೆ 20. ಇಷ್ಟು ಅಂಕಕ್ಕೆ ಯಾವ ಸರ್ಕಾರಿ ಕಾಲೇಜಿನಲ್ಲೂ ಸಾಮಾನ್ಯ ವರ್ಗದ ಸೀಟು ಸಿಗುವುದಿಲ್ಲ. 113ಕ್ಕೆ ಹಿಂದುಳಿದ ವರ್ಗದ ಸೀಟೂ ಸಿಗುವುದಿಲ್ಲ. ಕೌನ್ಸೆಲಿಂಗಿನ ಅಂಗಳಕ್ಕೆ ಕಾಲಿಡಲು ಬೇಕಾದ ಚೀಟಿ ಅದು, ಅಷ್ಟೇ. 2025ರಲ್ಲಿ 22 ಲಕ್ಷಕ್ಕೂ ಹೆಚ್ಚು ಮಂದಿ ಬರೆದು 12 ಲಕ್ಷಕ್ಕೂ ಹೆಚ್ಚು ಮಂದಿ ಈ ಚೀಟಿ ಪಡೆದರು.

ಅರ್ಹತಾ ಗೆರೆ ಯೋಗ್ಯತೆಯ ಅಳತೆಗೋಲು ಎಂದು ನಂಬಿದವರು 2023ರ ಸ್ನಾತಕೋತ್ತರ ನೀಟ್ ನೆನಪಿಸಿಕೊಳ್ಳಬೇಕು. ಆ ಸೆಪ್ಟೆಂಬರಿನಲ್ಲಿ ಸೀಟುಗಳು ಖಾಲಿ ಉಳಿದವೆಂದು ಕೇಂದ್ರ ಸರ್ಕಾರ ಎಲ್ಲ ವರ್ಗಗಳಿಗೂ ಗೆರೆಯನ್ನು ಸೊನ್ನೆ ಪರ್ಸೆಂಟೈಲಿಗೆ ಇಳಿಸಿತು. ಸಾಮಾನ್ಯ ವರ್ಗಕ್ಕೂ ಸೊನ್ನೆಯೇ. 113ರ ಬಗ್ಗೆ ಪ್ರತಿವರ್ಷ ಕೇಳಿಬರುವ ಗದ್ದಲದ ಕಾಲು ಭಾಗವೂ ಆಗ ಕೇಳಿಬರಲಿಲ್ಲ.

ಎರಡನೆಯ ಗೆರೆಯೇ ನಿಜವಾದದ್ದು. ತೆಲಂಗಾಣದಲ್ಲಿ ಅದನ್ನು ಲಾಸ್ಟ್ ರ‍್ಯಾಂಕ್ ಎನ್ನುತ್ತಾರೆ: ಒಂದು ಕಾಲೇಜಿನಲ್ಲಿ, ಒಂದು ವರ್ಗದಲ್ಲಿ, ಕೊನೆಯ ಸೀಟು ಪಡೆದವರ ರ‍್ಯಾಂಕು. ಇದನ್ನೂ ಯಾರೂ ಮೊದಲೇ ನಿಗದಿ ಮಾಡುವುದಿಲ್ಲ. ಸೀಟುಗಳೆಲ್ಲ ಹಂಚಿ ಮುಗಿದ ಮೇಲೆ ಹಿಂತಿರುಗಿ ನೋಡಿದಾಗ ಕಾಣುವ ಗುರುತು ಅದು. ಅದು ಹೇಗೆ ಹುಟ್ಟುತ್ತದೆ ಎಂಬುದನ್ನು ನಾರಾಯಣಪೇಟೆಯಲ್ಲೇ ನಿಂತು ನೋಡಬಹುದು.

ನಾರಾಯಣಪೇಟೆಗೆ ಮತ್ತು ಗದ್ವಾಲಿಗೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದದ್ದು 2024ರಲ್ಲಿ, ಒಂದೊಂದಕ್ಕೆ 50 ಸೀಟಿನಂತೆ. ಅದರಲ್ಲಿ ನೂರಕ್ಕೆ 15 ಅಖಿಲ ಭಾರತ ಕೋಟಾಕ್ಕೆ ಹೋಗುತ್ತದೆ. ಏಳು ಸೀಟು ಎಂದುಕೊಳ್ಳೋಣ. ಉಳಿದ 43 ರಾಜ್ಯದ್ದು. ತೆಲಂಗಾಣದಲ್ಲಿ ಹಿಂದುಳಿದ ವರ್ಗಗಳಿಗೆ ಐದು ಗುಂಪು: ಬಿಸಿ-ಎಗೆ ನೂರಕ್ಕೆ 7, ಬಿಸಿ-ಬಿಗೆ 10, ಬಿಸಿ-ಸಿಗೆ 1, ಬಿಸಿ-ಡಿಗೆ 7, ಬಿಸಿ-ಇಗೆ 4. ಪರಿಶಿಷ್ಟ ಜಾತಿಗೆ 15, 2022ರಿಂದ ಪರಿಶಿಷ್ಟ ಪಂಗಡಕ್ಕೆ 10. ಎಲ್ಲ ಕೂಡಿದರೆ 54. ಅಂದರೆ 43ರಲ್ಲಿ ಸುಮಾರು 20 ಸೀಟು ಎಲ್ಲರಿಗೂ ತೆರೆದದ್ದು, ಬಿಸಿ-ಎ ಪಾಲಿಗೆ ಬರುವುದು ಮೂರು. ಬಿಸಿ-ಸಿಗೆ ಅರ್ಧ ಸೀಟೂ ಇಲ್ಲ. 2025ರ ಏಪ್ರಿಲ್‌ನಲ್ಲಿ ಪರಿಶಿಷ್ಟ ಜಾತಿಯ 15ನ್ನು ಮೂರು ಗುಂಪಾಗಿ ಒಡೆದು 1, 9, 5 ಎಂದು ಹಂಚಿದರಲ್ಲ, ಅಲ್ಲಿನ ಮೊದಲ ಗುಂಪಿಗೂ ಇದೇ ಪಾಡು. ಹೀಗೆ ಉಳಿಯುವ ಚೂರುಗಳನ್ನು ಹಲವು ಕಾಲೇಜುಗಳ ಮೇಲೆ ಹರಡಿ, ರೋಸ್ಟರ್ ಪ್ರಕಾರ ಎಲ್ಲೋ ಒಂದು ಕಡೆ ಇಡೀ ಸೀಟಾಗಿ ಕೊಡಬೇಕಾಗುತ್ತದೆ. ಆದ್ದರಿಂದ ಒಂದೇ ಕಾಲೇಜಿನ ಪಟ್ಟಿ ಹಿಡಿದು ಈ ವರ್ಗಕ್ಕೆ ಅನ್ಯಾಯ, ಆ ವರ್ಗಕ್ಕೆ ಲಾಭ ಎಂದು ಹೇಳಲು ಹೊರಟರೆ ತಪ್ಪುವುದೇ ಹೆಚ್ಚು.

ಈಗ ಬಿಸಿ-ಎಯ ಮೂರು ಸೀಟನ್ನೇ ಹತ್ತಿರದಿಂದ ನೋಡೋಣ. ಮುಂದಿನ ರ‍್ಯಾಂಕುಗಳು ಲೆಕ್ಕ ತಿಳಿಯಲೆಂದು ನಾನು ಇಟ್ಟುಕೊಂಡವು, ಯಾವ ವರ್ಷದವೂ ಅಲ್ಲ. ಈ ಕಾಲೇಜು ಬೇಕೆಂದು ಕೇಳಿದ ಬಿಸಿ-ಎ ಮಕ್ಕಳು ಆರು ಮಂದಿ ಎನ್ನಿ. ಅವರ ರಾಜ್ಯ ರ‍್ಯಾಂಕು 2,100, 2,700, 3,150, 3,400, 3,900, 5,200. ಎಲ್ಲರಿಗೂ ತೆರೆದ 20 ಸೀಟು 3,000ನೆಯ ರ‍್ಯಾಂಕಿಗೆ ಮುಗಿದವು. ಮೊದಲ ಇಬ್ಬರು ಆ 20ರೊಳಗೇ ಬಂದುಬಿಟ್ಟರು. ಅವರ ಜಾತಿ ಪ್ರಮಾಣಪತ್ರದ ಪ್ರಶ್ನೆಯೇ ಏಳಲಿಲ್ಲ. ಉಳಿದವರಲ್ಲಿ 3,150, 3,400, 3,900 ಮೀಸಲು ಸೀಟು ಪಡೆದರು. ಕಟ್‌ಆಫ್ 3,900.

ಇಲ್ಲಿ ಎರಡು ಸಂಗತಿ ಗಮನಿಸಬೇಕು. 3,400ರ ಹುಡುಗಿ ಎರಡನೆಯ ಸುತ್ತಿನಲ್ಲಿ ಮಹಬೂಬ್‌ನಗರದ ಕಾಲೇಜು ಸಿಕ್ಕಿತೆಂದು ಹೊರಟುಹೋದರೆ ಆ ಸೀಟು 5,200ಕ್ಕೆ ಇಳಿಯುತ್ತದೆ. ಯಾರ ಅಂಕವೂ ಬದಲಾಗಲಿಲ್ಲ. ಒಬ್ಬಳು ಊರು ಬದಲಿಸಿದ್ದಕ್ಕೆ ಕಟ್‌ಆಫ್ 1,300 ರ‍್ಯಾಂಕು ಜಾರಿತು. ಮುಂದಿನ ವರ್ಷ ಮಕ್ತಲ್‌ನ ಮನೆಯಲ್ಲಿ ಕುಳಿತ ಒಬ್ಬ ತಂದೆ ಈ 5,200 ನೋಡಿ ಮಗನಿಗೆ ಧೈರ್ಯ ಹೇಳುತ್ತಾನೆ, ಮತ್ತೆ ಅದು 3,900ಕ್ಕೆ ನಿಂತಾಗ ಏನೋ ಮೋಸ ನಡೆದಿದೆ ಎನ್ನುತ್ತಾನೆ. ಮೂರು ಸೀಟಿನ ಗುಂಪಿನಲ್ಲಿ ಮೋಸ ಬೇಕಾಗಿಯೇ ಇಲ್ಲ, ಏರಿಳಿತ ಅದರ ಸ್ವಭಾವ. ಹೆಣ್ಣುಮಕ್ಕಳಿಗೆ ಪ್ರತಿ ವರ್ಗದೊಳಗೂ ಮೂರನೆಯ ಒಂದು ಪಾಲು ಇರುವುದರಿಂದ ಈ ಮೂರೂ ಮತ್ತೆ ಎರಡು ಮತ್ತು ಒಂದಾಗಿ ಸೀಳುತ್ತವೆ. ಒಂದೇ ಸೀಟಿನ ಕಟ್‌ಆಫ್ ನೋಡಿ ಭವಿಷ್ಯ ಹೇಳುವವರು ಕಣಿ ಹೇಳುವವರಿಗಿಂತ ಮೇಲೇನಲ್ಲ. ಹಳೆಯ ಪಟ್ಟಿ ನೋಡುವುದೇ ಆದರೆ ಮೂರ್ನಾಲ್ಕು ವರ್ಷದ್ದನ್ನು, ಅದೂ ಕೊನೆಯ ಸುತ್ತಿನದನ್ನು ನೋಡಬೇಕು.

ಎರಡನೆಯ ಸಂಗತಿ ಇನ್ನೂ ಮುಖ್ಯ. 2,100 ಮತ್ತು 2,700ರ ಇಬ್ಬರನ್ನು ತೆರೆದ ಸೀಟಿಗೆ ಬಿಡದೆ ಬಿಸಿ-ಎ ಖಾನೆಯಲ್ಲೇ ಕೂಡಿಹಾಕಿದ್ದರೆ ಮೂರು ಸೀಟು 3,150ಕ್ಕೇ ಮುಗಿಯುತ್ತಿತ್ತು. ತೆರೆದ ಸೀಟಿನ ಗೆರೆ 3,000ದ ಆಚೆಗೆ ಒಂದಿಷ್ಟು ಸರಿಯುತ್ತಿತ್ತು. ಎರಡೂ ಗೆರೆಗಳು ಹೆಚ್ಚುಕಡಿಮೆ ಕೂಡಿಬಿಡುತ್ತಿದ್ದವು, ನೋಡುವವರ ಕಣ್ಣಿಗೆ ತಾರತಮ್ಯವೇ ಇಲ್ಲದಂತೆ. ಆದರೆ ಆ ವರ್ಗಕ್ಕೆ ಐದು ಸೀಟಿನ ಬದಲು ಮೂರೇ ಸಿಗುತ್ತಿದ್ದವು. ಅಂದರೆ ಮೀಸಲು ಕಟ್‌ಆಫ್ ಕೆಳಗೆ ಕಾಣುವುದಕ್ಕೆ ಒಂದು ಕಾರಣ, ಆ ವರ್ಗದ ಮುಂಚೂಣಿಯ ಮಕ್ಕಳು ಅದನ್ನು ದಾಟಿ ಹೋಗಿರುವುದು. ಅವರನ್ನು ತೆಗೆದುಬಿಟ್ಟು ಉಳಿದವರ ಕೊನೆಯವನನ್ನು ಹಿಡಿದು ಇಡೀ ವರ್ಗದ ಮಟ್ಟ ಇದು ಎನ್ನುವುದು ಲೆಕ್ಕದ ದೃಷ್ಟಿಯಿಂದಲೇ ತಪ್ಪು. ತೆರೆದ ಸೀಟು ಸಾಮಾನ್ಯ ವರ್ಗದವರ ಮೀಸಲು ಸೀಟಲ್ಲ ಎಂಬುದನ್ನು 1992ರ ಇಂದ್ರಾ ಸಾಹ್ನಿ ತೀರ್ಪಿನಿಂದೀಚೆಗೆ ಸುಪ್ರೀಂ ಕೋರ್ಟು ಹಲವು ಸಲ ಹೇಳಿದೆ, ಆದರೂ ನಮ್ಮ ಮಾತಿನಲ್ಲಿ ಅದು ಜನರಲ್‌ನವರ ಸೀಟಾಗಿಯೇ ಉಳಿದಿದೆ.

ಇನ್ನು ಟೈ. ಇಬ್ಬರಿಗೆ ಸಮ ಅಂಕ ಬಂದರೆ ಯಾರು ಮುಂದೆ? 2025ರ ನೀಟಿನಲ್ಲಿ ಅರ್ಹರಾದ 12 ಲಕ್ಷ ಮಂದಿ 686ರಿಂದ 113ರ ನಡುವೆ ಹರಡಿದ್ದರು. ಸರಾಸರಿ ಹಿಡಿದರೆ ಒಂದೊಂದು ಅಂಕದ ಮೇಲೂ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳು. ಹಾಗಾಗಿ ಟೈ ಎನ್ನುವುದು ಅಪರೂಪದ ಸಂದರ್ಭ ಅಲ್ಲವೇ ಅಲ್ಲ. ಕೊನೆಯ ಸೀಟಿನ ಹತ್ತಿರ ನಿಂತವರ ಪಾಲಿಗೆ ಟೈ ಮುರಿಯುವ ನಿಯಮವೇ ನಿಜವಾದ ಪರೀಕ್ಷೆ.

ನಿಯಮದ ಮೊದಲ ಮೆಟ್ಟಿಲು ಸರಳ: ಜೀವಶಾಸ್ತ್ರದಲ್ಲಿ ಹೆಚ್ಚು ಬಂದವರು ಮುಂದೆ, ಅದೂ ಸಮವಾದರೆ ರಸಾಯನಶಾಸ್ತ್ರ, ಆಮೇಲೆ ಭೌತಶಾಸ್ತ್ರ. ಇಬ್ಬರಿಗೂ 480 ಬಂದಿದೆ ಎನ್ನಿ. ಒಬ್ಬಳಿಗೆ ಜೀವಶಾಸ್ತ್ರದಲ್ಲಿ 280, ರಸಾಯನದಲ್ಲಿ 110, ಭೌತದಲ್ಲಿ 90. ಇನ್ನೊಬ್ಬಳಿಗೆ 260, 100, 120. ಮೊದಲನೆಯವಳು ಮುಂದೆ. ತೆಲಂಗಾಣದ ಎಂಜಿನಿಯರಿಂಗ್ ಪ್ರವೇಶದ ಇಎಪಿಸೆಟ್‌ನಲ್ಲಿ ಗಣಿತಕ್ಕೆ ಮೊದಲ ಮಣೆ, ಆಮೇಲೆ ಭೌತಶಾಸ್ತ್ರ. ಓದಲು ಹೊರಟ ವಿದ್ಯೆಗೂ ಟೈ ಮುರಿಯುವ ವಿಷಯಕ್ಕೂ ಸಂಬಂಧ ಇರುವುದರಿಂದ ಇದರಲ್ಲಿ ತಕರಾರು ತೆಗೆಯಲು ಹೆಚ್ಚೇನೂ ಇಲ್ಲ.

ಮುಂದಿನ ಮೆಟ್ಟಿಲು ಇನ್ನೂ ಸ್ವಾರಸ್ಯದ್ದು. ಸರಿಯುತ್ತರಕ್ಕೆ ನಾಲ್ಕು, ತಪ್ಪಿಗೆ ಒಂದು ಕಳೆಯುವ ಈ ಪರೀಕ್ಷೆಯಲ್ಲಿ 480ನ್ನು 120 ಸರಿ, ಒಂದೂ ತಪ್ಪಿಲ್ಲದೆ ಪಡೆಯಬಹುದು. 125 ಸರಿ, 20 ತಪ್ಪು ಮಾಡಿಯೂ ಪಡೆಯಬಹುದು. ತಪ್ಪಿನ ಪ್ರಮಾಣ ಕಡಿಮೆ ಇದ್ದವರು ಮುಂದೆ ಎನ್ನುತ್ತದೆ ನಿಯಮ. ಎರಡನೆಯವನಿಗೆ ಐದು ಪ್ರಶ್ನೆ ಹೆಚ್ಚು ಗೊತ್ತಿತ್ತಲ್ಲ ಎಂದು ವಾದಿಸಬಹುದು. ಆದರೆ ಅಂದಾಜಿಗೆ ಗುಂಡು ಹೊಡೆಯುವ ಅಭ್ಯಾಸ ರೋಗಿಯ ಮುಂದೆ ಕೂರುವವನಲ್ಲಿ ಇರಬಾರದೆಂಬ ಎಣಿಕೆಯಾದರೂ ಇದರ ಹಿಂದೆ ಇದೆ. ನಾನು ಈ ಮೆಟ್ಟಿಲನ್ನು ಒಪ್ಪುತ್ತೇನೆ.

ಒಪ್ಪದೆ ಇದ್ದದ್ದು ವಯಸ್ಸಿನ ಮೆಟ್ಟಿಲು. ಹಿರಿಯರಿಗೆ ಮೊದಲು ಎಂಬ ನಿಯಮ ಇಎಪಿಸೆಟ್‌ನಲ್ಲಿ ಇದೆ, ನೀಟಿನಲ್ಲೂ ಹಿಂದೆ ಇತ್ತು. ಹಿರಿಯನಿಗೆ ಉಳಿದಿರುವ ಅವಕಾಶ ಕಡಿಮೆ ಎಂಬುದು ಇದರ ಪರವಾದ ವಾದ. ಅದೇ ತರ್ಕವನ್ನು ತಿರುಗಿಸಿದರೆ, ಕಿರಿಯನು ಕಡಿಮೆ ಕಾಲದಲ್ಲಿ ಅಷ್ಟೇ ಅಂಕ ಪಡೆದಿದ್ದಾನೆ, ಅವನೇ ಮುಂದೆ ಎಂದೂ ಹೇಳಬಹುದು. ಎರಡೂ ಕಡೆಗೆ ಸಮವಾಗಿ ಹರಿಯುವ ತರ್ಕದ ಮೇಲೆ ನಿಂತ ನಿಯಮ ತರ್ಕದ ವೇಷ ಹಾಕಿದ ಚೀಟಿ ಎತ್ತುವಿಕೆ. ಅದರ ಮೇಲೆ, ನಮ್ಮ ಕಡೆ ಹಳ್ಳಿಯ ಎಷ್ಟೋ ಮಕ್ಕಳ ಹುಟ್ಟಿದ ದಿನ ಶಾಲೆಗೆ ಸೇರಿಸುವ ಹೊತ್ತಿನಲ್ಲಿ ಮೇಷ್ಟ್ರು ಬರೆದುಕೊಂಡದ್ದು. ಜೂನ್ ಒಂದು ಎಂದೇ ಇರುತ್ತದೆ. ಇಬ್ಬರ ನಡುವಿನ ವೈದ್ಯಕೀಯ ಸೀಟನ್ನು ಆ ದಾಖಲೆ ನಿರ್ಣಯಿಸುವುದಾದರೆ, ನಿರ್ಣಯಿಸಿದವರು ಯಾರು? 2025ರ ನೀಟಿನ ನಿಯಮ ವಿಷಯವಾರು ಅಂಕ, ತಪ್ಪಿನ ಪ್ರಮಾಣ ಎಲ್ಲ ಮುಗಿದ ಮೇಲೂ ಟೈ ಉಳಿದರೆ, ತಜ್ಞರ ಸಮಿತಿಯ ಕಣ್ಣೆದುರು ಯಾದೃಚ್ಛಿಕವಾಗಿ ಆರಿಸಬೇಕು ಎಂದಿತು. ಪರೀಕ್ಷೆಯೊಂದನ್ನು ಅದೃಷ್ಟಕ್ಕೆ ಬಿಟ್ಟರು ಎಂದು ಹಲವರಿಗೆ ಸಿಟ್ಟು ಬಂತು. ನನಗೆ ಅದು ಹೆಚ್ಚು ಪ್ರಾಮಾಣಿಕ ಅನ್ನಿಸುತ್ತದೆ. ಪರೀಕ್ಷೆ ಹೇಳಬಲ್ಲದ್ದನ್ನೆಲ್ಲ ಹೇಳಿ ಮುಗಿಸಿದೆ, ಇನ್ನು ಇವರಿಬ್ಬರ ನಡುವೆ ಹೆಚ್ಚುಕಡಿಮೆ ಹೇಳುವ ಶಕ್ತಿ ಅದಕ್ಕಿಲ್ಲ ಎಂದು ಒಪ್ಪಿಕೊಳ್ಳುವ ನಿಯಮ ಅದು.

ಪರೀಕ್ಷೆಯ ಈ ಮಿತಿ 2024ರಲ್ಲಿ ಎಲ್ಲರೆದುರು ಬಯಲಾಯಿತು. ಮೊದಲು 67 ಮಂದಿಗೆ 720ಕ್ಕೆ 720 ಬಂದಿತ್ತು. ಸಮಯ ನಷ್ಟಕ್ಕೆಂದು ಕೊಟ್ಟ ಕೃಪಾಂಕ ತೆಗೆದು ಮರುಪರೀಕ್ಷೆ ನಡೆಸಿದ ಮೇಲೆ ಅವರು 61 ಆದರು. ಭೌತಶಾಸ್ತ್ರದ ಒಂದೇ ಒಂದು ಪ್ರಶ್ನೆಗೆ ಎರಡು ಉತ್ತರಗಳನ್ನು ಸರಿ ಎಂದು ಹಿಡಿದಿದ್ದರು. ದೆಹಲಿ ಐಐಟಿಯ ತಜ್ಞರು ಒಂದೇ ಸರಿ ಎಂದು ಹೇಳಿ, ಸುಪ್ರೀಂ ಕೋರ್ಟು ಒಪ್ಪಿದ ಮೇಲೆ 61 ಮಂದಿ 17ಕ್ಕೆ ಇಳಿದರು. ಒಂದು ಪ್ರಶ್ನೆಯ ಉತ್ತರದ ಕೀಲಿ ಬದಲಾದದ್ದಕ್ಕೆ ದೇಶದ ಮೊದಲ ಸ್ಥಾನದಿಂದ 44 ಮಂದಿ ಇಳಿದರು. ತುದಿಯಲ್ಲಿ ಹೀಗಾದರೆ ಒಂದೊಂದು ಅಂಕಕ್ಕೆ ಸಾವಿರಾರು ಮಂದಿ ಜೋತುಬಿದ್ದಿರುವ ನಡುಪಟ್ಟಿಯಲ್ಲಿ ಐದು ಅಂಕದ ವ್ಯತ್ಯಾಸವನ್ನು ಪ್ರತಿಭೆಯ ವ್ಯತ್ಯಾಸ ಎಂದು ಓದುವುದು ಹೇಗೆ? ಮೀಸಲಾತಿಯ ವಾದದಲ್ಲಿ ಐದು ಹತ್ತು ಅಂಕದ ಅಂತರವನ್ನು ಎತ್ತಿ ಹಿಡಿಯುವವರು ಈ ಪಟ್ಟಿಯನ್ನು ನೋಡಬೇಕು. ಅಂತರ ನೂರಾದರೆ ಅದು ಬೇರೆ ಪ್ರಶ್ನೆ, ಅಲ್ಲಿ ಅಂಕ ಏನನ್ನೋ ಹೇಳುತ್ತಿದೆ, ಆ ಅಂತರ ಎಲ್ಲಿಂದ ಬಂತೆಂದು ಕೇಳಲೇಬೇಕು.

ಅದನ್ನು ಕೇಳುವುದಕ್ಕೆ ಗಡಿಗಿಂತ ಒಳ್ಳೆಯ ಜಾಗ ಇಲ್ಲ. ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು 1956ರವರೆಗೆ ರಾಯಚೂರು ಜಿಲ್ಲೆಯವೇ. ರಾಜ್ಯ ಪುನರ್ವಿಂಗಡಣೆಯಲ್ಲಿ ರಾಯಚೂರು ಮೈಸೂರಿಗೆ ಹೋಯಿತು, ಈ ಎರಡು ಆಂಧ್ರಪ್ರದೇಶಕ್ಕೆ ಬಂದವು. ಮಕ್ತಲ್ ಮತ್ತು ನಾರಾಯಣಪೇಟೆ ಮೊದಲಿಂದಲೂ ಮಹಬೂಬ್‌ನಗರದ ಕಡೆಯವು, ಆದರೆ ಕೃಷ್ಣೆಯ ದಂಡೆಯ ಊರುಗಳಲ್ಲಿ ಮನೆಮಾತು ಕನ್ನಡ, ಸಂತೆ ಸಂಬಂಧ ಎಲ್ಲ ದೇವಸೂಗೂರಿನ ಸೇತುವೆ ದಾಟಿ ರಾಯಚೂರಿನೊಂದಿಗೆ. ಈ ಸೇತುವೆಯ ಎರಡು ಕಡೆ ಒಂದೇ ಬಳಗದವರು ಬೇರೆ ಬೇರೆ ಖಾನೆಯಲ್ಲಿದ್ದಾರೆ.

ಬೇಡ ಸಮುದಾಯವನ್ನು ನೋಡಿ. ರಾಯಚೂರಿನ ನಾಯಕ, ಬೇಡ, ವಾಲ್ಮೀಕಿ ಪರಿಶಿಷ್ಟ ಪಂಗಡ. ಅವರ ಮೀಸಲು 2022ರಲ್ಲಿ 3ರಿಂದ 7ಕ್ಕೆ ಏರಿತು. ಮಕ್ತಲ್ ಮತ್ತು ಗದ್ವಾಲಿನಲ್ಲಿ ಅದೇ ಜನ ವಾಲ್ಮೀಕಿ ಬೋಯ, ಬಿಸಿ-ಎ. ತಮ್ಮನ್ನು ಪಂಗಡಕ್ಕೆ ಸೇರಿಸಿ ಎಂಬ ಅವರ ಬೇಡಿಕೆಯನ್ನು ಚೆಲ್ಲಪ್ಪ ಆಯೋಗ ಪರಿಶೀಲಿಸಿತು, 2023ರ ಫೆಬ್ರುವರಿಯಲ್ಲಿ ತೆಲಂಗಾಣ ವಿಧಾನಸಭೆ ಕೇಂದ್ರಕ್ಕೆ ಶಿಫಾರಸು ಮಾಡುವ ನಿರ್ಣಯವನ್ನೂ ಅಂಗೀಕರಿಸಿತು. ನಿರ್ಣಯದಿಂದ ಪಟ್ಟಿ ಬದಲಾಗುವುದಿಲ್ಲ, ಅದಕ್ಕೆ ಸಂಸತ್ತಿನ ಕಾಯಿದೆ ಬೇಕು. ಲಂಬಾಣಿಗಳದ್ದು ಇದರ ತಿರುವುಮುರುವು: ನಾರಾಯಣಪೇಟೆಯ ತಾಂಡಾದಲ್ಲಿ ಪರಿಶಿಷ್ಟ ಪಂಗಡ, ರಾಯಚೂರಿನ ತಾಂಡಾದಲ್ಲಿ ಪರಿಶಿಷ್ಟ ಜಾತಿ. ಕುರುಬರು ಅಲ್ಲಿ 2ಎ, ಇಲ್ಲಿ ಕುರುಮ ಎಂಬ ಹೆಸರಿನಲ್ಲಿ ಬಿಸಿ-ಬಿ. ಅಣ್ಣನ ಮಗಳನ್ನು ಆಚೆ ದಂಡೆಗೆ ಕೊಟ್ಟರೆ ಅವಳ ಮಕ್ಕಳ ಕಟ್‌ಆಫ್ ಬೇರೆ.

ಪ್ರಮಾಣಪತ್ರವನ್ನು ಹೊಳೆ ದಾಟಿಸಬಹುದೇ? ಸಾಧ್ಯವಿಲ್ಲ ಎಂದು ಸುಪ್ರೀಂ ಕೋರ್ಟು 1990ರಲ್ಲೇ ಹೇಳಿತು. ಮರ‍್ರಿ ಚಂದ್ರಶೇಖರ ರಾವ್ ಪ್ರಕರಣ ಎಂದು ಹೆಸರಾದ ಅದು ಹುಟ್ಟಿದ್ದೂ ಒಂದು ವೈದ್ಯಕೀಯ ಸೀಟಿನಿಂದಲೇ: ಆಂಧ್ರದಲ್ಲಿ ಪಂಗಡಕ್ಕೆ ಸೇರಿದ ಕುಟುಂಬದ ಹುಡುಗ ಮುಂಬೈಯಲ್ಲಿ ಪಂಗಡದ ಸೀಟು ಕೇಳಿದ್ದ. ಒಂದು ರಾಜ್ಯದಲ್ಲಿ ಅನುಭವಿಸಿದ ಹಿಂದುಳಿಯುವಿಕೆ ಆ ರಾಜ್ಯದ ಪರಿಸ್ಥಿತಿಗೆ ಸಂಬಂಧಿಸಿದ್ದು, ಪಟ್ಟಿಯೂ ಆ ರಾಜ್ಯಕ್ಕೆ ಸಂಬಂಧಿಸಿದ್ದು ಎಂಬುದು ತೀರ್ಪಿನ ತಿರುಳು. ದೂರದ ಮುಂಬೈಗೆ ಅದು ಹೊಂದುತ್ತದೆ. ಸೇತುವೆಯ ಎರಡು ತುದಿಗೆ ಹೊಂದುವುದು ಕಷ್ಟ. ಅದೇ ಬರ, ಅದೇ ಗುಳೆ, ಅದೇ ದೂರ ಇಲ್ಲಿಯೂ ಅಲ್ಲಿಯೂ. ಇದರಿಂದ ವರ್ಗಗಳೆಲ್ಲ ಸುಳ್ಳು ಎಂದು ತೀರ್ಮಾನಿಸುವವರೊಂದಿಗೆ ನಾನಿಲ್ಲ. ಜಾತಿಯ ಹೊರೆ ಎರಡು ದಂಡೆಯಲ್ಲೂ ನಿಜ. ಅದನ್ನು ಯಾವ ಖಾನೆಯಲ್ಲಿ ಬರೆದುಕೊಂಡರು ಎಂಬುದು ಆಯಾ ರಾಜಧಾನಿಯ ಕಡತಗಳ ಇತಿಹಾಸ. ಕಟ್‌ಆಫ್ ಎರಡನ್ನೂ ಕೂಡಿಸಿ ಒಂದೇ ಸಂಖ್ಯೆಯಾಗಿ ತೋರಿಸುತ್ತದೆ.

ಆದರೆ ಗಡಿಯ ಮಕ್ಕಳನ್ನು ಹೆಚ್ಚು ಕಾಡುವ ವರ್ಗ ಜಾತಿಯದ್ದಲ್ಲ. ಅದು ಸ್ಥಳೀಯ, ಸ್ಥಳೀಯೇತರ ಎಂಬುದು. ಸಂವಿಧಾನದ 371-ಡಿ ವಿಧಿ ಮತ್ತು 1974ರ ರಾಷ್ಟ್ರಪತಿ ಆದೇಶದ ಪ್ರಕಾರ ನೂರಕ್ಕೆ 85 ಸೀಟು ಸ್ಥಳೀಯರಿಗೆ. 2014ರ ನಂತರ ಶುರುವಾದ ವೈದ್ಯಕೀಯ ಕಾಲೇಜುಗಳಲ್ಲಿ ರಾಜ್ಯದ ಪಾಲಿನ ಎಲ್ಲ ಸೀಟೂ ಸ್ಥಳೀಯರಿಗೇ ಎಂದು 2023ರಲ್ಲಿ ತೆಲಂಗಾಣ ಆದೇಶಿಸಿತು. ನಾರಾಯಣಪೇಟೆ, ಗದ್ವಾಲ ಎರಡೂ ಇದರೊಳಗೆ ಬರುತ್ತವೆ. ಕೇಳುವುದಕ್ಕೆ ಊರಿನವರಿಗೆ ಸಿಹಿ ಸುದ್ದಿ. ಸ್ಥಳೀಯ ಎಂದರೆ ಯಾರು ಎಂದು ಓದಿದಾಗ ಕಹಿಯಾಗುತ್ತದೆ: ಅರ್ಹತಾ ಪರೀಕ್ಷೆಗೆ ಕೊನೆಯಾಗುವ ಸತತ ನಾಲ್ಕು ವರ್ಷ, ಅಂದರೆ ಒಂಬತ್ತರಿಂದ ಹನ್ನೆರಡರವರೆಗೆ, ತೆಲಂಗಾಣದಲ್ಲಿ ಓದಿರಬೇಕು. ಇದನ್ನು ಹೈಕೋರ್ಟು ಸಡಿಲಿಸಿತ್ತು. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟು ರಾಜ್ಯದ ನಿಯಮವನ್ನೇ ಎತ್ತಿಹಿಡಿಯಿತು. ಸರ್ಕಾರಿ ನೌಕರರ ಮಕ್ಕಳಿಗೆ ವಿನಾಯಿತಿ ಇದೆ, ಹೊಳೆಯಾಚೆ ಓದಿದ ರೈತನ ಮಗಳಿಗೆ ಇಲ್ಲ.

ಕೃಷ್ಣಾ ಮಂಡಲದ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳಿ. ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಊರಲ್ಲೇ ಓದಿದಳು. ಇಂಟರ್‌ಮೀಡಿಯೆಟ್‌ಗೆ ಹೈದರಾಬಾದಿನ ಹಾಸ್ಟೆಲ್ ಶುಲ್ಕ ಭರಿಸಲಾಗದೆ, ತೆಲುಗು ಬರಹದ ಭಯಕ್ಕೆ, ರಾಯಚೂರಿನಲ್ಲಿ ಪಿಯುಸಿಗೆ ಸೇರಿದಳು. ತೆಲಂಗಾಣದ ವೈದ್ಯಕೀಯ ಕೌನ್ಸೆಲಿಂಗ್ ಅವಳಿಗೆ ಹೇಳುತ್ತದೆ: ನಾಲ್ಕು ವರ್ಷ ಸತತವಾಗಿಲ್ಲ, ನೀನು ಸ್ಥಳೀಯಳಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಹೇಳುತ್ತದೆ: ಒಂದರಿಂದ ಹನ್ನೆರಡರೊಳಗೆ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು, ನಿನ್ನದು ಎರಡೇ. ಅಖಿಲ ಭಾರತ ಕೋಟಾದ ನೂರಕ್ಕೆ ಹದಿನೈದರ ಪಾಲಿನಲ್ಲಿ ಇಡೀ ದೇಶದೊಂದಿಗೆ ಸ್ಪರ್ಧಿಸುವುದೊಂದೇ ಉಳಿದ ಸರ್ಕಾರಿ ದಾರಿ. ಎಂಜಿನಿಯರಿಂಗ್‌ನಲ್ಲಿ ಮಾತ್ರ ಒಂದು ಕಿಂಡಿ ತೆರೆದಿದೆ: 2025ರ ಆದೇಶದ ಪ್ರಕಾರ ಮೀಸಲಿಲ್ಲದ 15ರ ಪಾಲಿಗೆ, ತಂದೆತಾಯಿ ಹತ್ತು ವರ್ಷ ತೆಲಂಗಾಣದಲ್ಲಿ ನೆಲೆಸಿದ್ದರೆ ಅವಳು ಅರ್ಹಳು. ಇಲ್ಲಿ ಕಟ್‌ಆಫ್ ಎಷ್ಟು ಎಂದು ಕೇಳುವುದೇ ವ್ಯರ್ಥ. ಅವಳನ್ನು ಯಾವ ಸಾಲಿನಲ್ಲೂ ನಿಲ್ಲಿಸಿಯೇ ಇಲ್ಲ.

ಊರಲ್ಲೇ ಉಳಿದವಳಿಗೂ ದಾರಿ ಸುಗಮವಲ್ಲ. ನೀಟ್ ಪತ್ರಿಕೆ ಕನ್ನಡದಲ್ಲಿ ಇದೆ, ಆದರೆ ಅದು ಸಿಗುವುದು ಕರ್ನಾಟಕದ ಕೇಂದ್ರಗಳಲ್ಲಿ. ಇಎಪಿಸೆಟ್ ಇಂಗ್ಲಿಷ್, ತೆಲುಗು, ಉರ್ದುವಿನಲ್ಲಿದೆ, ಕನ್ನಡದಲ್ಲಿ ಇಲ್ಲ. ಇನ್ನೂ ದೊಡ್ಡದು ಸ್ಪರ್ಧೆಯ ಬಯಲು. ರಾಯಚೂರಿನ ಹುಡುಗನಿಗೆ 371-ಜೆ ಇದೆ: ಕಲ್ಯಾಣ ಕರ್ನಾಟಕದ ಸಂಸ್ಥೆಗಳಲ್ಲಿ ನೂರಕ್ಕೆ 70, ರಾಜ್ಯದ ಉಳಿದ ಕಡೆ 8 ಸೀಟು ಆ ಪ್ರದೇಶದವರಿಗೆ. ಅವನು ಬೆಂಗಳೂರಿನ ಕೋಚಿಂಗ್ ಮಕ್ಕಳೊಂದಿಗೆ ಮೊದಲ ಸಾಲಿನಲ್ಲೇ ಗುದ್ದಾಡಬೇಕಿಲ್ಲ. ಮಕ್ತಲ್‌ನವಳಿಗೆ ಇಡೀ ತೆಲಂಗಾಣ ಒಂದೇ ಸ್ಥಳೀಯ ಪ್ರದೇಶ. ಬಿಸಿ-ಎ ಖಾನೆಯಲ್ಲೂ ಅವಳ ಎದುರಾಳಿ ಹೈದರಾಬಾದಿನ ವಸತಿ ಕಾಲೇಜಿನಲ್ಲಿ ಎರಡು ವರ್ಷ ನೀಟಿಗೆಂದೇ ತಾಲೀಮು ಮಾಡಿದ ಬಿಸಿ-ಎ ಹುಡುಗ. ನೌಕರಿಗೆ ತೆಲಂಗಾಣದಲ್ಲಿ ಏಳು ವಲಯ ಮಾಡಿದ್ದಾರೆ. ನಾರಾಯಣಪೇಟೆ, ಗದ್ವಾಲ ಎರಡೂ ಜೋಗುಲಾಂಬ ವಲಯದಲ್ಲಿವೆ. ಗುಮಾಸ್ತನ ಹುದ್ದೆಗೆ ಪ್ರದೇಶದ ಹಿಂದುಳಿದಿರುವಿಕೆಯನ್ನು ಲೆಕ್ಕಕ್ಕೆ ಹಿಡಿಯುವ ರಾಜ್ಯ ಸೀಟಿನ ವಿಷಯದಲ್ಲಿ ಅದನ್ನು ಮರೆತಿದೆ. ಗದ್ವಾಲದ ಹುಡುಗನೋ 1956ರಲ್ಲಿ ಗೆರೆ ಆಚೆಗೆ ಬಿದ್ದಿದ್ದರೆ 371-ಜೆಯ ನೆರಳಿನಲ್ಲಿ ಇರುತ್ತಿದ್ದ.

ಕರ್ನಾಟಕಕ್ಕೆ ಗಡಿನಾಡ ಕನ್ನಡಿಗರ ನೆನಪಿಲ್ಲವೆಂದಲ್ಲ. ಪರೀಕ್ಷಾ ಪ್ರಾಧಿಕಾರದ ಅರ್ಹತಾ ನಿಯಮಗಳಲ್ಲಿ ಗಡಿನಾಡು ಎಂಬ ಖಂಡವೇ ಇದೆ: ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ, ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲ್ಲೂಕುಗಳಲ್ಲಿ ಏಳು ವರ್ಷ ಓದಿ ಕನ್ನಡ ಭಾಷಾ ಪರೀಕ್ಷೆ ಪಾಸಾದವರಿಗೆ ಬಾಗಿಲು ತೆರೆದಿದೆ. ಪಟ್ಟಿಯ ಹಿಂದೆ ಇರುವುದು ಮಹಾಜನ ಆಯೋಗದ ಕಾಲದ ಗಡಿ ವಿವಾದ. ಜಗಳ ನಡೆದ ಕಡೆ ಮಾತ್ರ ಹೆಸರು ಬಂತು. ಮಕ್ತಲ್, ನಾರಾಯಣಪೇಟೆ, ಗದ್ವಾಲಿಗಾಗಿ ಯಾರೂ ಜಗಳವಾಡಲಿಲ್ಲ, ಅವು ಪಟ್ಟಿಯಲ್ಲಿಲ್ಲ. ಈ ಮೂರು ಹೆಸರು ಸೇರಿಸಿದರೆ ಹೈದರಾಬಾದಿನವರು ಸುಳ್ಳು ವಿಳಾಸ ಕೊಟ್ಟು ನುಗ್ಗುತ್ತಾರೆಂಬ ಆಕ್ಷೇಪ ಬರುತ್ತದೆ. ಏಳು ವರ್ಷದ ಸ್ಟಡಿ ಸರ್ಟಿಫಿಕೇಟ್ ಮತ್ತು ಕನ್ನಡದ ಲಿಖಿತ ಪರೀಕ್ಷೆ ಎಂಬ ಎರಡು ಜರಡಿ ಕಾಸರಗೋಡಿಗೆ ಸಾಕಾಗಿವೆ, ಮಕ್ತಲ್‌ಗೂ ಸಾಕು. ಸೇರಿಸಿದರೆ ಕರ್ನಾಟಕದ ಸಾಮಾನ್ಯ ಕಟ್‌ಆಫ್ ಒಂದೆರಡು ರ‍್ಯಾಂಕು ಜರುಗಬಹುದು. ಅಲ್ಲಿಯವರೆಗೆ, ಹತ್ತರ ನಂತರ ಮಗಳನ್ನು ರಾಯಚೂರಿಗೆ ಕಳಿಸಲು ಹೊರಟ ತಂದೆತಾಯಿ ಕಾಲೇಜಿನ ಫಲಿತಾಂಶದ ಫಲಕ ನೋಡುವ ಮೊದಲು ಅವಳ ಒಂಬತ್ತು ಮತ್ತು ಹತ್ತನೆಯ ತರಗತಿಯ ಬೋನಾಫೈಡನ್ನು ಮುಂದಿಟ್ಟುಕೊಂಡು ವರ್ಷ ಎಣಿಸಬೇಕು. ವೈದ್ಯಕೀಯ ಓದಿನ ಆಸೆ ಇದ್ದರೆ ಸೇತುವೆಯ ಈಚೆಗೆ ಇನ್ನೆರಡು ವರ್ಷ ಓದಿಸುವುದೇ ಸದ್ಯಕ್ಕೆ ಲೆಕ್ಕಕ್ಕೆ ಒದಗುವ ದಾರಿ.